ಬಾಯಿ ತೆರೆಯೋ ಭೂಮಿ

ಮೊನ್ನೆ ಭಾನುವಾರ ಬಸವೇಶ್ವರನಗರದ ನಮ್ಮನೇಲಿ ಮಕ್ಕಳು 'ಸ್ಯಾನ್ ಆಂಡ್ರಿಯಾಸ್' ಹಾಕಿದ್ರು, 2015ರ ಭೂಕಂಪದ ಸಿನಿಮಾ. ಅದರಲ್ಲಿ ಹೆದರಿಸೋ ಉಪಾಯ ಸರಳ. ಒಂದು ಸಲ ನಡುಗುತ್ತೆ, ಎಲ್ಲ ತಣ್ಣಗಾಗುತ್ತೆ, ಆಗ ವಿಜ್ಞಾನಿ ಇನ್ನೂ ದೊಡ್ಡದು ಬರುತ್ತೆ ಅಂತಾನೆ. ಅಲ್ಲಿಂದ ನಾವು ಉಸಿರು ಬಿಗಿ ಹಿಡ್ಕೊಂಡೇ ಕೂರ್ತೀವಿ. ನಿಜದಲ್ಲಿ ಹಾಗೆ ದಿನ, ಗಂಟೆ ಮುಂಚೆ ಹೇಳೋಕೆ ಯಾರಿಂದಲೂ ಆಗಲ್ಲ.

ಆಮೇಲೆ ರಸ್ತೆಗಡ್ಡ ಭೂಮಿ ದೊಡ್ಡ ಕಂದಕವಾಗಿ ಸೀಳಿರೋದು ತೋರಿಸ್ತಾರೆ. ಎರಡು ಅಂಗೈ ಒತ್ತಿ ಹಿಡಿದು, ಒಂದನ್ನ ಮುಂದಕ್ಕೆ ತಳ್ಳಿ ನೋಡಿ. ಮೊದಲು ಕಚ್ಚಿಕೊಂಡಿರುತ್ತೆ, ಆಮೇಲೆ ತಟಕ್ಕನೆ ಜಾರುತ್ತೆ. ಆ ಬಿರುಕಿನ ಎರಡು ಮಗ್ಗುಲೂ ಹೀಗೇ ಜಾರೋದು. ಅಂಗೈ ದೂರ ಸರಿದ್ರೆ ಕಚ್ಚೋದೂ ಇಲ್ಲ, ನಡುಕವೂ ಇಲ್ಲ.

ನಮ್ಮತ್ತೆ ಕಲಬುರಗಿ ಕಡೆಯವರು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆ ಕಿಲ್ಲಾರಿ ನಡುಗಿದಾಗ ಅವರ ಮನೇಲೂ ಪಾತ್ರೆ ಅಲ್ಲಾಡಿದ್ವಂತೆ. "ಭೂಮಿ ಎಲ್ಲಿ ಬಾಯಿ ತೆರೆದಿತ್ತವ್ವಾ? ಮಂದೀನ ನುಂಗಿದ್ದು ಗೋಡಿ" ಅಂದ್ರು. ಮಣ್ಣಲ್ಲಿ ಕೂರಿಸಿದ್ದ ದಪ್ಪ ಕಲ್ಲಿನ ಗೋಡೆಗಳು ಮಲಗಿದ್ದವರ ಮೇಲೇ ಕುಸಿದಿದ್ವು.

ಆ ರಾತ್ರಿ ಮಲಗೋ ಮುಂಚೆ, ಮಗಳ ಮಂಚದ ಮೇಲಿನ ಸಜ್ಜಾದಿಂದ ಹಿತ್ತಾಳೆ ಕೊಳಗ ಕೆಳಗಿಳಿಸಿದೆ.