ಬಲ್ಬು ಹೇಳುವ ಸುಳ್ಳು

ಮನೆಯ ವೈರಿಂಗ್ ಮುಗಿದ ಮೇಲೆ ಅರ್ತಿಂಗ್ ಸರಿಯಿದೆಯೇ ಎಂದು ನೋಡಲು ನಮ್ಮ ಕಡೆ ಒಂದು ಸುಲಭದ ಪದ್ಧತಿ ಇದೆ. ಹೋಲ್ಡರಿಗೆ ಎರಡು ವೈರು ಕಟ್ಟಿದ 100 ವ್ಯಾಟಿನ ಬಲ್ಬು ತಂದು, ಒಂದು ತುದಿಯನ್ನು ಫೇಸಿಗೂ ಇನ್ನೊಂದನ್ನು ಅರ್ತಿಗೂ ಮುಟ್ಟಿಸುತ್ತಾರೆ. ಬಲ್ಬು ಝಗ್ಗನೆ ಉರಿದರೆ ಯಜಮಾನರೂ ಖುಷಿ, ಕೆಲಸದವರೂ ಖುಷಿ. ಎಲೆಕ್ಟ್ರಿಷಿಯನ್ ಕೆಲಸ ಕಲಿಯುವ ಹುಡುಗರಿಗೆ ಈ ಬಲ್ಬು ಸುಳ್ಳು ಹೇಳುತ್ತದೆ ಎಂಬುದನ್ನೇ ಮೊದಲು ತೋರಿಸಬೇಕು ಎಂಬುದು ನನ್ನ ವಾದ. ಕಡೂರಿನಂಥ ಮಳೆ ಕಡಿಮೆಯ ನೆಲದಲ್ಲಿ ಬೇಸಿಗೆ ಬಂತೆಂದರೆ ಅರ್ತ್ ಗುಂಡಿ ಒಣಗಿ ಅದರ ತಡೆ ಏರುತ್ತದೆ. ಒಂದು ಮನೆಯದು 23 ಓಮ್ ಆಯಿತೆಂದು ಇಟ್ಟುಕೊಳ್ಳಿ. ಉರಿಯುವಾಗ ಬಲ್ಬಿನ ತಡೆಯೇ ಸುಮಾರು 529 ಓಮ್. 230 ವೋಲ್ಟಿನಲ್ಲಿ 220 ಬಲ್ಬಿಗೇ ಹೋಗುತ್ತದೆ, ಗುಂಡಿಯ ಪಾಲಿಗೆ ಉಳಿಯುವುದು ಹತ್ತರೊಳಗೆ. ಆ ಹತ್ತು ವೋಲ್ಟಿನ ವ್ಯತ್ಯಾಸ ಯಾವ ಕಣ್ಣಿಗೆ ಕಾಣಬೇಕು?

ಅದೇ ಮನೆಯಲ್ಲಿ ಗ್ರೈಂಡರಿನ ಒಳಗಿನ ಫೇಸ್ ವೈರು ಸವೆದು ಲೋಹದ ಮೈಗೆ ತಗುಲಿತು ಎನ್ನಿ. ಈಗ ನಡುವೆ ಬಲ್ಬಿಲ್ಲ. ಟ್ರಾನ್ಸ್‌ಫಾರ್ಮರ್ ಬಳಿಯ ಅರ್ತಿಂಗಿನ ಸಣ್ಣ ತಡೆಯನ್ನು ಲೆಕ್ಕಕ್ಕೆ ಬಿಟ್ಟರೆ, 230ನ್ನು 23ರಿಂದ ಭಾಗಿಸಿದಾಗ ಬರುವುದು 10 ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಇದು ದಿನನಿತ್ಯದ ಹೊರೆ, ಅದು ಬೀಳುವುದೇ ಇಲ್ಲ. ಗ್ರೈಂಡರಿನ ಮೈ ಮಾತ್ರ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜಿನಲ್ಲಿ ನಿಂತಿರುತ್ತದೆ, ಒದ್ದೆ ಕೈಗೆ ಕಾಯುತ್ತ. ಇದನ್ನು ಜೀವಭಯವಿಲ್ಲದೆ ತರಗತಿಯಲ್ಲೇ ತೋರಿಸಬಹುದು. 12 ವೋಲ್ಟಿನ ಬ್ಯಾಟರಿ, ಗುಂಡಿಯ ಬದಲಿಗೆ 10 ವ್ಯಾಟ್ ತಾಳುವ 23 ಓಮ್ ರೆಸಿಸ್ಟರ್, ಎಂಸಿಬಿಯ ಬದಲಿಗೆ 1 ಆಂಪಿಯರಿನ ಫ್ಯೂಸ್. ಆ ರೆಸಿಸ್ಟರಿನ ಮೂಲಕ ನೇರ ಶಾರ್ಟ್ ಮಾಡಿದರೂ ಅರ್ಧ ಆಂಪಿಯರ್ ಹರಿದು ಫ್ಯೂಸ್ ಸುಮ್ಮನಿರುತ್ತದೆ. ಆಮೇಲೆ ಮೇಷ್ಟ್ರು ಹೆಚ್ಚು ಮಾತಾಡಬೇಕಾಗಿಲ್ಲ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಅಲ್ಲಿಂದ ಬಹುಕಾಲ ಮನೆಗಳನ್ನು ಕಾದದ್ದು ಫ್ಯೂಸ್ ತಂತಿಯೇ. ಪಿಂಗಾಣಿಯ ಕಿಟ್‌ಕ್ಯಾಟ್ ಒಳಗಿನ ಆ ತಂತಿ ಬಲ್ಲದ್ದು ಹೊರೆಯನ್ನು, ಸೋರಿಕೆಯನ್ನಲ್ಲ. ಎಂಸಿಬಿಯೂ ಈ ವಿಷಯದಲ್ಲಿ ಅದರ ಮಗನೇ. ಸೋರಿಕೆಯನ್ನು ಹಿಡಿಯುವುದು ಆರ್‌ಸಿಸಿಬಿ: ಫೇಸಿನಲ್ಲಿ ಹೋದದ್ದೂ ನ್ಯೂಟ್ರಲಿನಲ್ಲಿ ಮರಳಿದ್ದೂ ಹೊಂದದೆ ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವಷ್ಟರಲ್ಲಿ ಅದು ಬಿಡುತ್ತದೆ. ಅದಿದ್ದರೆ ಗುಂಡಿಯ ತಡೆ 200 ಓಮ್ ಆದರೂ ಗ್ರೈಂಡರಿನ ಮೈ ಅಪಾಯದ ವೋಲ್ಟೇಜಿಗೆ ಏರಿ ನಿಲ್ಲದು. ಆದರೆ ಒಬ್ಬ ಮನುಷ್ಯ ಒಂದು ಕೈಯಲ್ಲಿ ಫೇಸನ್ನೂ ಇನ್ನೊಂದರಲ್ಲಿ ನ್ಯೂಟ್ರಲನ್ನೂ ಹಿಡಿದರೆ ಅದು ಬಲ್ಬಿಗೂ ಅವನಿಗೂ ಭೇದ ಮಾಡಲಾರದು. ಅದರ ಮೇಲಿನ ಟೆಸ್ಟ್ ಬಟನ್ ಒತ್ತಿದಾಗ ಬಿದ್ದರೆ ಒಳಗಿನ ಯಂತ್ರ ಸರಿಯಿದೆ ಎಂದಷ್ಟೇ ಅರ್ಥ. ಅರ್ತ್ ವೈರು ತುಂಡಾಗಿದ್ದರೂ ಬಟನ್ ಕೆಲಸ ಮಾಡುತ್ತದೆ.

ಮಳೆಗಾಲದಲ್ಲಿ ಸುಮ್ಮಸುಮ್ಮನೆ ಬೀಳುತ್ತದೆ ಎಂಬ ಆಕ್ಷೇಪ ಎಲ್ಲರಿಗೂ ಗೊತ್ತಿರುವಂಥದ್ದು. ಅದಕ್ಕೆ ಬೇಸತ್ತು ಆರ್‌ಸಿಸಿಬಿಯನ್ನು ಬೈಪಾಸ್ ಮಾಡುವವರೂ ಇದ್ದಾರೆ. ಸುಮ್ಮನೆ ಬೀಳುವುದು ಅಪರೂಪ. ತೋಟದ ಮೋಟರಿನ ವೈಂಡಿಂಗಿಗೆ ತೇವ ಹಿಡಿದಿರುತ್ತದೆ, ಅಥವಾ ಒಂದು ಸರ್ಕ್ಯೂಟಿನ ನ್ಯೂಟ್ರಲ್ ಆರ್‌ಸಿಸಿಬಿಯನ್ನು ತಪ್ಪಿಸಿಕೊಂಡು ಬೇರೆ ದಾರಿಯಲ್ಲಿ ಮರಳುತ್ತಿರುತ್ತದೆ. ಪ್ರತಿ ಸರ್ಕ್ಯೂಟಿನ ಫೇಸನ್ನೂ ನ್ಯೂಟ್ರಲನ್ನೂ ಬಿಚ್ಚಿ, ಒಂದೊಂದಾಗಿ ಸೇರಿಸುತ್ತ ಹೋದರೆ ತಪ್ಪಿನ ಜಾಗ ಸಿಗುತ್ತದೆ. ಆರ್‌ಸಿಸಿಬಿ ಯಾಕೆ, ಗುಂಡಿಗೆ ಉಪ್ಪು, ಇದ್ದಿಲು, ವಾರಕ್ಕೊಂದು ಕೊಡ ನೀರು ಸಾಲದೇ ಎಂದು ಕೇಳುವವರಿಗೆ: ಸಹಾಯವಂತೂ ಆಗುತ್ತದೆ, ಆದರೆ ಉಪ್ಪು ತೊಳೆದು ಹೋಗುತ್ತದೆ, ಜಿಐ ಪೈಪನ್ನು ತಿನ್ನುತ್ತದೆ, ಮನೆಯವರು ಊರಿಗೆ ಹೋದ ವಾರ ನೀರೂ ಇಲ್ಲ. ಅರ್ತನ್ನು ಮನೆಯಲ್ಲೇ ನ್ಯೂಟ್ರಲಿಗೆ ಕಟ್ಟಿಬಿಡುವ ಚಾಲಾಕಿತನ ಇನ್ನೂ ಕೆಟ್ಟದ್ದು. ಕಂಬದ ಬಳಿ ನ್ಯೂಟ್ರಲ್ ಕಡಿದರೆ ಫ್ರಿಜ್, ಗೀಸರ್, ಮೋಟರ್ ಎಲ್ಲದರ ಮೈಗೂ ಒಟ್ಟಿಗೇ ಕರೆಂಟು.

ಆದ್ದರಿಂದ ಹುಡುಗರ ಅಭ್ಯಾಸಕ್ಕೆ ಒಂದು ಸರದಿ ಬೇಕು, ಪಕ್ಕದಲ್ಲಿ ನಿಂತು ನೋಡುವವರೂ ಬೇಕು. ಟೆಸ್ಟರನ್ನು ಮೊದಲು ಕರೆಂಟಿರುವ ಪಾಯಿಂಟಿನಲ್ಲಿ ನೋಡಿ, ಮೇನ್ ಆಫ್ ಮಾಡಿ, ಕೆಲಸದ ಜಾಗದಲ್ಲಿ ನೋಡಿ, ಮತ್ತೆ ಕರೆಂಟಿರುವಲ್ಲಿ ನೋಡಬೇಕು. ನಡುವೆ ಟೆಸ್ಟರೇ ಕೆಟ್ಟಿದ್ದರೆ ಗೊತ್ತಾಗುವುದು ಹೀಗೆ. ಗುಂಡಿಯಿಂದ ಅರ್ತ್ ವೈರು ಬಿಚ್ಚಿ, ಅರ್ತ್ ಟೆಸ್ಟರಿನ ಒಂದು ಮೊಳೆಯನ್ನು 30 ಮೀಟರ್ ದೂರ, ಇನ್ನೊಂದನ್ನು ಅದೇ ಸಾಲಿನಲ್ಲಿ ಸುಮಾರು 18 ಮೀಟರಿನಲ್ಲಿ ಹೊಡೆದು ಓದಬೇಕು. ವೈರು ಮರಳಿ ಬಿಗಿಯಾಗಿ ಸೇರಿಸಿದ್ದನ್ನು ಮೇಷ್ಟ್ರು ಕೈಯಿಟ್ಟು ನೋಡುವ ತನಕ ಮೇನ್ ಆನ್ ಮಾಡುವಂತಿಲ್ಲ. ಓದನ್ನು ದಾಖಲಿಸುವ ಪರೀಕ್ಷಾ ಪಟ್ಟಿಯಲ್ಲಿ ಓಮ್ ಎಷ್ಟೆಂದು ಬರೆಯುವ ಅಂಕಣದ ಪಕ್ಕದಲ್ಲೇ ತಿಂಗಳನ್ನು ಬರೆಯಲೂ ಜಾಗವಿರಲಿ. ತರೀಕೆರೆಯ ಆಗಸ್ಟಿನ ಓದನ್ನು ನಂಬಿ ಅಜ್ಜಂಪುರದ ಏಪ್ರಿಲ್‌ಗೆ ಸಹಿ ಹಾಕಲಾಗದು.