ತೋಳಿನ ಗಂಟಿಗೊಂದು ಒಪ್ಪಿಗೆ ಪತ್ರ

ನಮ್ಮಲ್ಲಿ ಬಹಳ ಕಾಲ ಬಳಕೆಯಲ್ಲಿದ್ದ ಒಪ್ಪಿಗೆ ಪತ್ರದ ತಿರುಳು ಇಷ್ಟೇ: 'ಸಾಧಕ ಬಾಧಕಗಳನ್ನು ನನಗೆ ವಿವರಿಸಲಾಗಿದೆ, ಮುಂದಿನ ಯಾವ ಅನಾಹುತಕ್ಕೂ ವೈದ್ಯರು ಜವಾಬ್ದಾರರಲ್ಲ.' ಬಾಧಕ ಯಾವುದೆಂದು ಎಲ್ಲೂ ಇಲ್ಲ. ಇನ್ನು ಕೊನೆಯ ಮಾತಿನಿಂದ ವೈದ್ಯರಿಗೂ ರಕ್ಷಣೆಯಿಲ್ಲ. ಮುಂದೆ ಮಾಡಬಹುದಾದ ನಿರ್ಲಕ್ಷ್ಯಕ್ಕೆ ಮೊದಲೇ ಮಾಫಿ ಬರೆಸಿಕೊಳ್ಳಲು ಬರುವುದಿಲ್ಲ.

2008ರ ಸಮೀರಾ ಕೊಹ್ಲಿ ಪ್ರಕರಣವನ್ನು ಶಸ್ತ್ರಚಿಕಿತ್ಸಕರೆಲ್ಲ ಓದಬೇಕು. ಲ್ಯಾಪರೋಸ್ಕೋಪಿ ಪರೀಕ್ಷೆಗೆಂದು ಬಂದಿದ್ದ ಮಹಿಳೆ ಅರಿವಳಿಕೆಯಲ್ಲಿದ್ದಾಗಲೇ, ಹೊರಗಿದ್ದ ತಾಯಿಯನ್ನು ಕೇಳಿ ಗರ್ಭಕೋಶ, ಅಂಡಾಶಯಗಳನ್ನು ತೆಗೆದಿದ್ದರು. ಜೀವಕ್ಕೆ ತುರ್ತು ಅಪಾಯವಿಲ್ಲದಿದ್ದಾಗ ಆ ಒಪ್ಪಿಗೆ ಸಲ್ಲದು, ಎಚ್ಚರವಾದ ಮೇಲೆ ಅವರನ್ನೇ ಕೇಳಬೇಕಿತ್ತು ಎಂದಿತು ಸುಪ್ರೀಂ ಕೋರ್ಟ್.

ಹಾಗಾಗಿ ಚರ್ಮದಡಿಯ ಕೊಬ್ಬಿನ ಗಂಟು ತೆಗೆಯುವುದಕ್ಕೆಂದೇ ನಾನೊಂದು ಪತ್ರ ಬರೆದೆ. 'ಸ್ಥಳೀಯ ಅರಿವಳಿಕೆ' ಹೋಗಿ 'ಗಂಟಿನ ಸುತ್ತ ಮಾತ್ರ ಮರಗಟ್ಟುವ ಇಂಜೆಕ್ಷನ್, ನಿಮಗೆ ಎಚ್ಚರವಿರುತ್ತದೆ' ಎಂದಾಯಿತು. 'ಸೋಂಕು' ಎಂಬಲ್ಲಿ 'ಗಾಯ ಕೆಂಪಾಗಿ, ಬಿಸಿಯಾಗಿ ಕೀವು ಬರಬಹುದು. ಬಂದರೆ ಅದೇ ದಿನ ತೋರಿಸಿ' ಎಂದು ಬರೆದೆ. ಕಲೆ ಉಳಿಯುತ್ತದೆ. ಒಳಗೆ ರಕ್ತ ನಿಂತು ಊದಬಹುದು. ಅಕ್ಕಪಕ್ಕದ ಚರ್ಮಕ್ಕೆ ಮುಟ್ಟಿದ್ದು ಗೊತ್ತಾಗದಿರಬಹುದು, ಅಪರೂಪಕ್ಕೆ ಅದು ಹಾಗೇ ಉಳಿಯಬಹುದು. ಗಂಟು ಮತ್ತೆ ಬೆಳೆಯಲೂಬಹುದು. ಒಳಗೆ ಬೇರೇನಾದರೂ ಕಂಡರೆ, ತುರ್ತಿಲ್ಲದಿದ್ದರೆ, ಹೊಲಿಗೆ ಹಾಕಿ ನಿಮ್ಮೊಡನೆ ಮಾತಾಡಿಯೇ ಮುಂದಿನ ಹೆಜ್ಜೆ.

ಬರೆಯಲು ಹೆಚ್ಚು ಹೊತ್ತು ಹಿಡಿದದ್ದು 'ತೆಗೆಸದಿದ್ದರೆ?' ಎಂಬ ಭಾಗ. ನೋಯದ, ಬೆಳೆಯದ, ಮೆತ್ತಗೆ ಜಾರುವ ಗಂಟನ್ನು ಹಾಗೇ ಬಿಡಬಹುದು. ಇದನ್ನು ಬರೆದರೆ ಯಾರೂ ಆಪರೇಷನ್‌ಗೆ ಬರುವುದಿಲ್ಲ ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ಬರದಿರಲಿ!

ತೋಳಿನಲ್ಲಿ ನಿಂಬೆ ಗಾತ್ರದ ಗಂಟಿದ್ದ ಹೂ ಕಟ್ಟುವ ಹೆಂಗಸೊಬ್ಬರು ಗಂಡನ ಜೊತೆ ಬಂದಿದ್ದರು. "ಇವರೇ ಸೈನ್ ಹಾಕ್ತಾರೆ ಸಾರ್" ಎಂದರು. "ಇಲ್ಲಮ್ಮ, ತೋಳು ನಿಮ್ಮದು, ಸಹಿಯೂ ನಿಮ್ಮದೇ" ಎಂದೆ. ಓದಿ ಹೇಳಿದ ಮೇಲೆ, ಏನು ಅರ್ಥವಾಯಿತೆಂದು ಅವರ ಮಾತಲ್ಲೇ ಹೇಳಲು ಕೇಳಿದೆ. ಬರೀ ತಲೆಯಾಡಿಸಿದರೆ ಅರ್ಥವಾಗಿದೆಯೆಂದು ನಾನು ನಂಬುವುದಿಲ್ಲ. "ಕುಯ್ದು ತೆಗೀತೀರಿ, ಕಲೆ ಆಗತ್ತೆ, ಎಲ್ಲಾ ಪೂರ್ತಿ ವಾಸಿ" ಎಂದರು. ಮತ್ತೆ ಬೆಳೆಯಬಹುದೆಂಬುದು ತಪ್ಪಿಹೋಗಿತ್ತು. ಅದನ್ನು ಇನ್ನೊಮ್ಮೆ ಹೇಳಿದೆ.

"ಹಾಗಾದ್ರೆ ಈಗ್ಲೇ ಬೇಡ ಅಂದ್ರೆ ಬಯ್ತೀರಾ?"

"ಇಲ್ಲಮ್ಮ. ಟೇಬಲ್ ಮೇಲೆ ಮಲಗಿದ ಮೇಲೂ ಬೇಡ ಅನ್ನಬಹುದು. ನಿಮ್ಮ ಶುಗರ್ ಮಾತ್ರೆಗೂ ಇದಕ್ಕೂ ಸಂಬಂಧವಿಲ್ಲ, ಅದನ್ನ ಎಂದಿನಂತೆ ಕೊಡ್ತೀವಿ."

ಅವರು 'ಬೇಡ' ಎಂಬ ಚೌಕದ ಕೆಳಗೆ ಸಹಿ ಹಾಕಿದರು. ಗಂಟು ಬೇಗ ದೊಡ್ಡದಾದರೆ, ಗಟ್ಟಿಯಾದರೆ, ನೋಯತೊಡಗಿದರೆ ಕಾಯದೆ ಬರಬೇಕೆಂದು ಅದರ ಪಕ್ಕದಲ್ಲೇ ಬರೆದು, ಅಂದಿನ ಅಳತೆ 4 ಸೆಂಟಿಮೀಟರ್ ಎಂದು ನಮೂದಿಸಿ, ಒಂದು ಪ್ರತಿಯನ್ನು ಅವರ ಕೈಗೆ ಕೊಟ್ಟೆ.