ಬೆವರುವ ಗೋಡೆ

ಕಳೆದ ಯುಗಾದಿಯ ಊಟದ ಪಂಕ್ತಿಯಲ್ಲಿ ಮಿತ್ರರೊಬ್ಬರು, "ನಿಮ್ಮ ಕಬ್ಬಿಣದ ಪೆಟ್ಟಿಗೆ ಮನೆ ಹೇಗಿದೆ ಸ್ವಾಮಿ?" ಎಂದು ಕೇಳಿದರು. ಅವರೂ ಹಡಗಿನ ಕಂಟೇನರ್ ಒಂದನ್ನು ಕೊಳ್ಳುವ ಯೋಚನೆಯಲ್ಲಿದ್ದಾರೆಂದು ಮಾತಿನ ನಡುವೆ ತಿಳಿಯಿತು. ಹಾಗಾಗಿ ನಾನು ಮಾಡಿದ ತಪ್ಪನ್ನು ನಮ್ಮ ಪತ್ರಿಕೆಯಲ್ಲೇ ಬರೆದಿಡೋಣವೆನ್ನಿಸಿತು.

ಟೊರಾಂಟೊದಿಂದ ಉತ್ತರಕ್ಕೆ ಎರಡು ಗಂಟೆ ದೂರದಲ್ಲಿ ನಮಗೊಂದು ತುಂಡು ಜಮೀನಿದೆ. ಅಲ್ಲಿ 40 ಅಡಿಯ ಕಂಟೇನರ್ ತಂದಿರಿಸಿ ಪುಟ್ಟ ಮನೆ ಮಾಡಿದೆವು. ಅದರ ಗೋಡೆ ಎಂದರೆ ಒಂದೂವರೆ ಮಿಲಿಮೀಟರಿಗಿಂತ ತುಸು ದಪ್ಪದ ಉಕ್ಕಿನ ತಗಡು, ಅಷ್ಟೆ. ಚಳಿ ತಡೆಯುವ ಇನ್ಸುಲೇಷನ್ ಒಳಗಿರಬೇಕೋ ಹೊರಗಿರಬೇಕೋ ಎಂದು ನಮ್ಮಿಬ್ಬರಿಗೆ ವಾದವಾಯಿತು. "ರೀ, ಕೋಟು ಮೈಮೇಲೆ ಹಾಕ್ಕೋತಾರೋ, ಮೈಯೊಳಗೋ?" ಎಂದಳು ನನ್ನಾಕೆ. ನನಗೋ ಹೊರಗಿನ ಅಲೆಅಲೆಯ ಉಕ್ಕು ಎಲ್ಲರಿಗೂ ಕಾಣಬೇಕೆಂಬ ಚಪಲ. ಒಳಗೆ ಮರದ ಚೌಕಟ್ಟು ನಿಲ್ಲಿಸಿ, ಮೂರೂವರೆ ಇಂಚು ಫೈಬರ್‌ಗ್ಲಾಸ್ ತುಂಬಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಬೋರ್ಡು ಹೊಡೆದು ಮುಗಿಸಿದೆ.

ಆ ಚಳಿಗಾಲಕ್ಕೆ ಹಾಸನದಿಂದ ಅಮ್ಮ ಬಂದರು. ಅಡಿಗೆ, ಸ್ನಾನ, ಒಳಗೇ ಒಣಗುವ ಬಟ್ಟೆ, ಮೂವರ ಉಸಿರು. ಜನವರಿಯ ಒಂದು ಬೆಳಿಗ್ಗೆ ಅಮ್ಮ ಬೋರ್ಡಿನ ಬುಡ ಮುಟ್ಟಿ ನೋಡಿ, "ಗೋಡೆ ಬೆವರ್ತಿದೆ ಕಣೋ, ಮುಗ್ಗಲು ವಾಸನೆ ಬೇರೆ" ಎಂದರು. ಅವರಿಗೆ ಮೊದಲೇ ಉಬ್ಬಸ. ವಾರದಿಂದ ಕೆಮ್ಮು ಹೆಚ್ಚಿತ್ತು. ಸೂರು ಸೋರುತ್ತಿದೆ ಎಂದುಕೊಂಡೆ. ಆದರೆ ಸೋರಿಕೆಯಾದರೆ ಮಳೆ ಬಂದಾಗಲೋ ಸೂರಿನ ಹಿಮ ಕರಗಿದಾಗಲೋ ಒಂದು ಕಡೆ ಒದ್ದೆಯಾಗಬೇಕು. ಇದು ಕೊರೆವ ರಾತ್ರಿಗಳ ನಂತರ ಗೋಡೆಗೆ ಬಿಸಿಲು ಬಿದ್ದ ದಿನ, ಗೋಡೆಯುದ್ದಕ್ಕೂ ಇಳಿಯುತ್ತಿತ್ತು. ಬೋರ್ಡು ಕಿತ್ತೆ. ಉಕ್ಕಿನ ಒಳಮೈಗೆ ಹಿಮದ ಪದರ, ತೊಯ್ದ ಫೈಬರ್‌ಗ್ಲಾಸ್, ಮರದ ಬುಡದಲ್ಲಿ ಕಪ್ಪು ಬೂಷ್ಟು. ಅಮ್ಮನನ್ನು ಅಂದೇ ಊರಿನ ಮನೆಗೆ ಕರೆತಂದೆವು.

ಕಾರಣ ಸರಳ. ತಣ್ಣೀರು ತುಂಬಿದ ಹಿತ್ತಾಳೆ ತಂಬಿಗೆ ಬೆವರುವುದನ್ನು ನೋಡಿದ್ದೀರಲ್ಲ, ಅದೇ. ಕೋಣೆ 20 ಡಿಗ್ರಿ, ತೇವಾಂಶ ಶೇಕಡಾ 50 ಇದ್ದರೆ, ಸುಮಾರು 9 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ನೀರು ಕೂಡುತ್ತದೆ. ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗಿದ್ದ ದಿನ ನನ್ನ ಉಕ್ಕೂ ಹೆಚ್ಚುಕಡಿಮೆ ಅಷ್ಟೇ ತಣ್ಣಗಿತ್ತು, ಏಕೆಂದರೆ ಮನೆಯ ಶಾಖ ಅದಕ್ಕೆ ತಲುಪದಂತೆ ನಾನೇ ತಡೆದಿದ್ದೆ! ಫೈಬರ್‌ಗ್ಲಾಸ್ ಶಾಖವನ್ನು ತಡೆಯುತ್ತದೆ, ಹಬೆಯನ್ನಲ್ಲ. ಹಬೆ ಪ್ಲಾಸ್ಟಿಕ್ಕಿನ ಸಂದುಗಳಿಂದ, ಸ್ವಿಚ್ಚಿನ ತೂತುಗಳಿಂದ ನುಗ್ಗಿತ್ತು. ಆಚೆ ಉಕ್ಕು, ಈಚೆ ಪ್ಲಾಸ್ಟಿಕ್. ಒಳಹೊಕ್ಕ ನೀರು ಒಣಗುವುದೆಲ್ಲಿ?

ಒಳಗೇ ಮಾಡಬೇಕೆಂದರೆ ಉಕ್ಕಿಗೆ ನೇರವಾಗಿ ಅಂಟಿಕೊಳ್ಳುವ, ಮುಚ್ಚಿದ ಗುಳ್ಳೆಗಳ ಸ್ಪ್ರೇ ಫೋಮ್ ನಂಬಬಹುದಾದ ದಾರಿ. ಅಲ್ಲಿ ಉಕ್ಕಿಗೆ ಗಾಳಿ ತಾಗುವುದಿಲ್ಲ. ಆದರೆ ಫೋಮ್ ತಪ್ಪಿದ ಪ್ರತಿ ಜಾಗವೂ ಬೆವರುತ್ತದೆ. ಮೇಲಾಗಿ ಒಳಗಿನ ಅಗಲವೇ 2.35 ಮೀಟರ್. ಎರಡೂ ಕಡೆ ಕಳೆದುಕೊಂಡರೆ ಮಂಚ ಹಾಕಿ ಓಡಾಡುವುದು ಕಷ್ಟ.

ಬೇಸಿಗೆಯಲ್ಲಿ ನನ್ನಾಕೆಯ ಮಾತಿಗೆ ಬಂದೆ. ಒಳಗಿನದೆಲ್ಲ ಕಿತ್ತು, ತೊಳೆದು ಒಣಗಿಸಿ, ಹೊರಗೋಡೆಗೂ ಸೂರಿಗೂ ಎರಡೆರಡು ಇಂಚಿನ ಫೋಮ್ ಹಲಗೆಗಳನ್ನು ಎರಡು ಪದರ, ಸಂದಿನ ಮೇಲೆ ಸಂದು ಬಾರದಂತೆ ಕೂರಿಸಿದೆವು. ಸೂರಿನ ಫೋಮಿನ ಮೇಲೆ ತಗಡು ಹಾಕಿಸಿದೆವು. ಗೋಡೆಯ ಫೋಮಿನ ಮೇಲೆ ಮರದ ಪಟ್ಟಿ, ಗಾಳಿಯಾಡಲು ತೆರಪು, ಆಮೇಲೆ ಮರದ ಹೊದಿಕೆ. ಈಗ ಅಂಥದೇ ಚಳಿಯಲ್ಲಿ ಉಕ್ಕು ಸುಮಾರು 19 ಡಿಗ್ರಿ ಇರುತ್ತದೆ. ಉಕ್ಕಿನೊಳಗೆ ಹಬೆ ನುಗ್ಗದು. ಬೆಚ್ಚಗಿರುವುದರಿಂದ ಅದು ಬೆವರುವುದೂ ಇಲ್ಲ.

"ಹಳೆಯ ಫೈಬರ್‌ಗ್ಲಾಸ್ ಒಳಗಿರಲಿ, ಹೊರಗೆ ಒಂದೇ ಇಂಚು ಸಾಕು" ಎಂದು ಒಬ್ಬರು ಹೇಳಿದ್ದರು. ಲೆಕ್ಕ ಹಾಕಿದರೆ ಆಗ ಉಕ್ಕು ಸೊನ್ನೆಗಿಂತ 5 ಡಿಗ್ರಿ ಕೆಳಗೇ ಇರುತ್ತಿತ್ತು. ಅರೆಬರೆ ಉಳಿತಾಯಕ್ಕೆ ಹೋಗಬೇಡಿ.

ನೆಲವನ್ನು ಮಾತ್ರ ಮರೆತಿದ್ದೆ. ಕೆಳಗಿನ ಉಕ್ಕಿನ ಅಡ್ಡತೊಲೆಗಳು ಚಳಿಯನ್ನು ಒಳಗೆ ತರುತ್ತಿದ್ದವು. ಅವಕ್ಕೆ ಅಡಿಯಿಂದ ಫೋಮ್ ಹೊಡೆಸಿದೆವು. ಕಾಂಕ್ರೀಟಿನ ಮೇಲೆ ಕೂತ ನಾಲ್ಕು ಮೂಲೆಗಳು ಈಗಲೂ 7 ಡಿಗ್ರಿಗಿಳಿಯುತ್ತವೆ. ಆದ್ದರಿಂದ ಫ್ಯಾನ್ ಹಾಕಿ, ಹೈಗ್ರೋಮೀಟರ್ ನೋಡಿಕೊಂಡು, ತೇವಾಂಶವನ್ನು ಶೇಕಡಾ 35ರ ಆಸುಪಾಸಿನಲ್ಲಿಡುತ್ತೇವೆ.

ಮಿತ್ರರಿಗೆ ಇನ್ನೊಂದು ಮಾತು: ಗೋಡೆಯ ಹೊಸ ದಪ್ಪ ಲೆಕ್ಕ ಹಾಕಿಯೇ ಕಿಟಕಿಗೆ ಆರ್ಡರ್ ಕೊಡಿ. ನಾವು ಎರಡು ಸಲ ಕೊಂಡೆವು.

ಈ ಚಳಿಗಾಲ ಅಮ್ಮ ಮತ್ತೆ ಬಂದಿದ್ದರು. ದಿನಾ ಕಾಫಿಗೆ ಮುಂಚೆ ಗೋಡೆಗೆ ಅಂಗೈ ಒತ್ತಿ ನೋಡುತ್ತಿದ್ದರು. ಮಾರ್ಚಿಯಲ್ಲಿ ಹೊರಡುವಾಗ, "ಕೋಟು ಹಾಕಿದ್ದು ಒಳ್ಳೇದಾಯ್ತಮ್ಮ" ಎಂದರು ಸೊಸೆಗೆ. ನನ್ನ ಉಕ್ಕು ಈಗ ಯಾರಿಗೂ ಕಾಣುವುದಿಲ್ಲ.